ಬ್ರೇಕ್ ಆದ ದಿನ ಕೊಳ್ಳಬೇಡಿ: ಡೈಲಿ ಚಾರ್ಟಿನಲ್ಲಿ ಸ್ಟ್ರಕ್ಚರ್ ಗುರುತಿಸಿ ಪುಲ್‌ಬ್ಯಾಕ್‌ನಲ್ಲಿ ಕೊಳ್ಳುವ ಕ್ರಮ

ಹುಬ್ಬಳ್ಳಿ, ಗದಗ, ಬ್ಯಾಡಗಿ ಕಡೆಯ ಓದುಗರು ಕಳಿಸುವ ಚಾರ್ಟುಗಳಲ್ಲಿ ತಪ್ಪು ಹೆಚ್ಚುಕಡಿಮೆ ಒಂದೇ. "ಹೈ ಬ್ರೇಕ್ ಆತ್ರೀ, ತಗೊಂಡೆ. ಮೂರು ದಿನದಾಗ ಸ್ಟಾಪ್‌ಲಾಸ್ ಹೋತು. ಆಮ್ಯಾಲೆ ಅದೇ ಷೇರು ಮ್ಯಾಲೆ ಹೋತು." ದಿಕ್ಕು ಸರಿಯಾಗಿಯೇ ಇತ್ತು, ಕೊಂಡ ಜಾಗ ತಪ್ಪಿತ್ತು. ಇನ್ನು ಕೆಲವರದು ಅದಕ್ಕಿಂತ ಹಿಂದಿನ ತಪ್ಪು: ಅವರು ಗೆರೆ ಎಳೆದ ಹೈ ನಿಜವಾದ ಸ್ವಿಂಗ್ ಹೈ ಆಗಿರುವುದೇ ಇಲ್ಲ.

ಈ ಮಾರ್ಗದರ್ಶಿ ಒಂದೇ ಕೆಲಸಕ್ಕೆ ಸೀಮಿತ: ಡೈಲಿ ಚಾರ್ಟ್, ಡೆಲಿವರಿ ವ್ಯವಹಾರ, ಏರುಮುಖದ ಷೇರು ಹಿಂದಿನ ಹೈ ದಾಟಿ ಬ್ರೇಕ್ ಆಫ್ ಸ್ಟ್ರಕ್ಚರ್ ಆದ ನಂತರ, ಬೆಲೆ ಸ್ವಲ್ಪ ಹಿಂದಕ್ಕಿಳಿಯುವ ಪುಲ್‌ಬ್ಯಾಕ್‌ನಲ್ಲಿ ಎಂಟ್ರಿ. ಸ್ಟ್ರಕ್ಚರ್ ಎಂದರೆ ಚಾರ್ಟಿನ ಹೈ, ಲೋಗಳ ಸರಣಿ. ಹಗಲು ಅಂಗಡಿಯ ಗಲ್ಲೆಯ ಮೇಲೋ ಕಚೇರಿಯಲ್ಲೋ ಕೂರುವವರು ಸಂಜೆ ಚಾರ್ಟ್ ನೋಡಿ, ಮರುದಿನಕ್ಕೆ ಆರ್ಡರ್ ಇಟ್ಟು ಮುಗಿಸಬಹುದಾದ ಕೆಲಸ ಇದು. ಆಪ್ಷನ್ನಿನಲ್ಲಿ ಇದೇ ಕ್ರಮ ಹಿಡಿದರೆ ಪುಲ್‌ಬ್ಯಾಕ್ ಮುಗಿದು ಬೆಲೆ ಮತ್ತೆ ಮೇಲೇಳುವಷ್ಟರಲ್ಲಿ ಪ್ರೀಮಿಯಂ ಕರಗಿರುತ್ತದೆ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವೈಯಕ್ತಿಕ ಟ್ರೇಡರುಗಳಲ್ಲಿ 93% ಮಂದಿ ನಷ್ಟ ಮಾಡಿಕೊಂಡರೆಂದು ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಹಾಗಾಗಿ ಇಲ್ಲಿ ಆ ದಾರಿಗೆ ಹೋಗುವುದಿಲ್ಲ.

## ಮೊದಲು ಬೇಕಾದದ್ದು

ಕ್ಯಾಂಡಲ್ ಚಾರ್ಟ್ ತೋರಿಸುವ ಯಾವ ಆ್ಯಪ್ ಆದರೂ ಸಾಕು. ಉಚಿತ ಖಾತೆಯ TradingView ಇದ್ದರೆ ಎರಡೇ ಇಂಡಿಕೇಟರ್ ಹಾಕಿಕೊಳ್ಳಿ: `Williams Fractals` ಮತ್ತು `ATR`. ಮೊದಲನೆಯದು ಸ್ವಿಂಗ್‌ಗಳಿಗೆ ಗುರುತು ಹಾಕಿಕೊಡುತ್ತದೆ. ಅದರ ಅವಧಿ 2 ಎಂದು ಬಂದಿರುತ್ತದೆ, ಅದನ್ನು 3ಕ್ಕೆ ಬದಲಿಸಿ. ಎರಡನೆಯದನ್ನು 14ರಲ್ಲೇ ಬಿಡಿ. ATR ಎಂದರೆ ಆ ಷೇರು ಒಂದು ದಿನಕ್ಕೆ ಸರಾಸರಿ ಎಷ್ಟು ರೂಪಾಯಿ ಆಡುತ್ತದೆ ಎಂಬ ಅಳತೆ, ಅಷ್ಟೇ. ಇದರ ಜೊತೆ ಒಂದು ನೋಟ್‌ಬುಕ್ ಇರಲಿ. ಪರದೆಯ ಮೇಲಿನ ಗೆರೆಯನ್ನು ಬೆರಳಲ್ಲಿ ಸರಿಸಿಬಿಡಬಹುದು, ಬರೆದಿಟ್ಟ ಅಂಕಿಯನ್ನು ಹಾಗೆ ಸರಿಸಲಾಗದು.

ಬ್ರೋಕರ್ ಕಡೆಯಿಂದ ಎರಡು ಬೇಕು. ಒಂದು, ದಿನ ದಾಟಿದರೂ ಉಳಿಯುವ GTT ಆರ್ಡರ್, ಏಕೆಂದರೆ ಸಾಮಾನ್ಯ ಸ್ಟಾಪ್‌ಲಾಸ್ ಆರ್ಡರ್ ಆ ದಿನ ಸಂಜೆಗೆ ರದ್ದಾಗುತ್ತದೆ. ಎರಡು, ಡಿಮ್ಯಾಟ್ ಖಾತೆಗೆ ಡಿಡಿಪಿಐ, ಅಂದರೆ ನೀವು ಮಾರಿದ ಷೇರನ್ನು ಖಾತೆಯಿಂದ ತೆಗೆಯಲು ಬ್ರೋಕರಿಗೆ ಒಮ್ಮೆಲೇ ಕೊಡುವ ಒಪ್ಪಿಗೆ. ಅದಿಲ್ಲದವರು ಷೇರು ಮಾರುವ ಪ್ರತಿ ಸಲ ಟಿಪಿನ್ ಹಾಕಿ ಅನುಮತಿ ಕೊಡಬೇಕಾಗುತ್ತದೆ. ನೀವು ಅನುಮತಿ ಕೊಡದ ದಿನ ಸ್ಟಾಪ್‌ಲಾಸಿನ GTT ಚಾಲೂ ಆದರೂ ಮಾರಾಟದ ಆರ್ಡರ್ ತಿರಸ್ಕೃತವಾಗುತ್ತದೆ. ಸ್ಟಾಪ್‌ಲಾಸ್ ಇಟ್ಟಿದ್ದೇನೆಂದು ನಂಬಿ ಕೂತವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರುವುದಿಲ್ಲ.

## ಹಂತ 1: ಸ್ವಿಂಗ್‌ಗಳನ್ನು ಗುರುತಿಸುವುದು

ಎಡಕ್ಕೆ ಮೂರು, ಬಲಕ್ಕೆ ಮೂರು ಕ್ಯಾಂಡಲ್‌ಗಳ ಹೈಗಿಂತ ಮೇಲಿರುವ ಹೈ ಸ್ವಿಂಗ್ ಹೈ. ಹಾಗೆಯೇ ಎರಡೂ ಕಡೆಯ ಮೂರು ಕ್ಯಾಂಡಲ್‌ಗಳ ಲೋಗಿಂತ ಕೆಳಗಿರುವುದು ಸ್ವಿಂಗ್ ಲೋ. ಗುರುತು ಹಾಕುವುದು ಕ್ಯಾಂಡಲಿನ ತೆಳು ಬತ್ತಿಯ ತುದಿಗೆ, ದಪ್ಪ ಮೈಗೆ ಅಲ್ಲ.

ಬಲಕ್ಕೆ ಮೂರು ಕ್ಯಾಂಡಲ್ ಬೇಕೆಂದ ಮೇಲೆ ಸ್ವಿಂಗ್ ಆಯಿತೆಂದು ತಿಳಿಯುವುದು ಮೂರು ದಿನ ತಡವಾಗಿಯೇ. ಇಂದಿನ ಹೈ ಸ್ವಿಂಗ್ ಹೈ ಹೌದೋ ಅಲ್ಲವೋ ಎಂದು ಇಂದು ಯಾರೂ ಹೇಳಲಾರರು. ಹಳೆಯ ಚಾರ್ಟ್ ನೋಡಿ "ಎಷ್ಟು ಸುಲಭ ಇತ್ತಲ್ಲ" ಅನಿಸುವುದು ಈ ತಡವನ್ನು ಮರೆಯುವುದರಿಂದ. ಹಳೆಯ ಚಾರ್ಟಿನಲ್ಲಿ ಅಭ್ಯಾಸ ಮಾಡುವಾಗ ಬಲಭಾಗವನ್ನು ಕಾಗದದಿಂದ ಮುಚ್ಚಿ, ಒಂದೊಂದೇ ಕ್ಯಾಂಡಲ್ ಸರಿಸುತ್ತ ನೋಡಿ.

ಇಷ್ಟು ಮಾಡಿದರೂ ಚಾರ್ಟ್ ತುಂಬ ಚಿಕ್ಕ ಚಿಕ್ಕ ಸ್ವಿಂಗ್‌ಗಳು ಉಳಿಯುತ್ತವೆ. ಅವುಗಳನ್ನು ಜರಡಿ ಹಿಡಿಯಲು ಒಂದು ನಿಯಮ ಇಟ್ಟುಕೊಳ್ಳಿ: ಒಂದು ಸ್ವಿಂಗಿನಿಂದ ಮುಂದಿನದಕ್ಕೆ ಇರುವ ಅಂತರ ATRನ ಎರಡು ಪಟ್ಟಾದರೂ ಇರಬೇಕು. ಷೇರಿನ ATR 8 ರೂಪಾಯಿ ಆದರೆ 16ಕ್ಕಿಂತ ಚಿಕ್ಕ ಏರಿಳಿತ ಲೆಕ್ಕಕ್ಕಿಲ್ಲ. ಎರಡರ ಬದಲು ಎರಡೂವರೆ ಇಟ್ಟರೂ ತಪ್ಪಲ್ಲ, ಆದರೆ ಷೇರಿಗೊಂದು, ದಿನಕ್ಕೊಂದು ನಿಯಮ ಮಾಡಬೇಡಿ. ಬೇಕಾದ ಉತ್ತರ ಬರುವವರೆಗೆ ಸ್ವಿಂಗ್ ಬದಲಿಸುತ್ತ ಹೋದರೆ ಯಾವ ಚಾರ್ಟನ್ನಾದರೂ ಏರುಮುಖ ಮಾಡಿ ತೋರಿಸಬಹುದು.

ಡಿವಿಡೆಂಡ್ ವಿಷಯದಲ್ಲಿ ಎಚ್ಚರ ಇರಲಿ. ಬೋನಸ್, ಸ್ಪ್ಲಿಟ್ ಆದಾಗ ಚಾರ್ಟುಗಳು ಹಳೆಯ ಬೆಲೆಯನ್ನು ಸಾಮಾನ್ಯವಾಗಿ ತಾವೇ ಸರಿಪಡಿಸುತ್ತವೆ, ಡಿವಿಡೆಂಡಿಗೆ ಎಲ್ಲವೂ ಸರಿಪಡಿಸುವುದಿಲ್ಲ. ದೊಡ್ಡ ಡಿವಿಡೆಂಡ್ ಕೊಡುವ ಷೇರು ಎಕ್ಸ್-ಡೇಟ್ ದಿನ ಅಷ್ಟು ಕೆಳಗೆ ತೆರೆದಾಗ, ಇಲ್ಲದ ಲೋವರ್ ಲೋ ಚಾರ್ಟಿನಲ್ಲಿ ಮೂಡಿಬಿಡುತ್ತದೆ.

## ಹಂತ 2: ಸರಣಿಯನ್ನು ಓದುವುದು

ಗುರುತು ಹಾಕಿದ ಕೊನೆಯ ನಾಲ್ಕು ಸ್ವಿಂಗ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೈ ಹಿಂದಿನ ಹೈಗಿಂತ ಮೇಲೆ, ಲೋ ಹಿಂದಿನ ಲೋಗಿಂತ ಮೇಲೆ ಇದ್ದರೆ ಅದು ಹೈಯರ್ ಹೈ, ಹೈಯರ್ ಲೋ ಸರಣಿ: ಏರುಮುಖ. ಎರಡೂ ಕೆಳಗಿದ್ದರೆ ಲೋವರ್ ಹೈ, ಲೋವರ್ ಲೋ: ಇಳಿಮುಖ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಸ್ಟ್ರಕ್ಚರ್ ಸ್ಪಷ್ಟವಿಲ್ಲ ಎಂದು ಬರೆದು ಮುಂದಿನ ಷೇರಿಗೆ ಹೋಗಿ. ಹೀಗೆ ಬಿಟ್ಟುಬಿಡುವ ಚಾರ್ಟುಗಳೇ ಜಾಸ್ತಿ ಇರುತ್ತವೆ, ಇರಬೇಕು ಕೂಡ.

ಇಳಿಮುಖ ಹೇಗಿರುತ್ತದೆ ಎನ್ನುವುದಕ್ಕೆ ನಿಫ್ಟಿಯದೇ ದೊಡ್ಡ ಸ್ವಿಂಗ್‌ಗಳನ್ನು ನೋಡಿ. 2024ರ ಸೆಪ್ಟೆಂಬರ್ 27ಕ್ಕೆ 26,277ರ ಹೈ. ನವೆಂಬರ್ 21ಕ್ಕೆ 23,263ರ ಲೋ. ಅಲ್ಲಿಂದ ಎದ್ದದ್ದು ಡಿಸೆಂಬರ್ 5ಕ್ಕೆ 24,857ರವರೆಗೆ, ಹಳೆಯ ಹೈಗಿಂತ 1,400 ಅಂಶ ಕೆಳಗೆ. ಮತ್ತೆ ಬಿದ್ದು 2025ರ ಮಾರ್ಚ್ 4ಕ್ಕೆ 21,964. ನವೆಂಬರಿನಿಂದ ಡಿಸೆಂಬರಿಗೆ ಸುಮಾರು 1,600 ಅಂಶದ ಏರಿಕೆ ಕಂಡು ಮಾರ್ಕೆಟ್ ತಿರುಗಿತೆಂದು ಕೊಂಡವರು ಕೊಂಡದ್ದು ಲೋವರ್ ಹೈ ಹತ್ತಿರ. ಏರಿಕೆ ಎಷ್ಟು ಜೋರಾಗಿದ್ದರೂ ಹಿಂದಿನ ಹೈ ದಾಟುವವರೆಗೆ ಸ್ಟ್ರಕ್ಚರ್ ಬದಲಾಗಿರುವುದಿಲ್ಲ.

ಕ್ಯಾಷ್ ಮಾರ್ಕೆಟಿನಲ್ಲಿ ಕೈಯಲ್ಲಿಲ್ಲದ ಷೇರು ಮಾರಿ ಮರುದಿನಕ್ಕೆ ಹಿಡಿದಿಡಲು ನಮಗೆ ಬರುವುದಿಲ್ಲ. ಆದ್ದರಿಂದ ಇಳಿಮುಖ ಕಂಡ ಷೇರಿನಲ್ಲಿ ನಿಮ್ಮ ಕೆಲಸ ದೂರ ಇರುವುದು ಮಾತ್ರ.

## ಹಂತ 3: ಬ್ರೇಕ್ ಆಯಿತೆಂದು ಯಾವಾಗ ಒಪ್ಪಬೇಕು

ಬ್ರೇಕ್ ಅನ್ನು ಅಳೆಯುವುದು ದಿನದ ಮುಕ್ತಾಯದ ಬೆಲೆಯಿಂದ. ಗುರುತು ಬತ್ತಿಗೆ, ಬ್ರೇಕ್ ಕ್ಲೋಸಿಗೆ. ಬ್ಯಾಡಗಿ ಪೇಟೆಯಲ್ಲಿ ಒಂದೇ ಒಂದು ಲಾಟಿಗೆ ಭಾರಿ ದರ ಬಿತ್ತೆಂದು ಅವತ್ತಿನ ಮೆಣಸಿನಕಾಯಿ ದರವೇ ಅದು ಎಂದು ಯಾವ ದಲಾಲರೂ ಹೇಳುವುದಿಲ್ಲ. ಬತ್ತಿಯ ತುದಿಯೂ ಆ ಒಂದು ಲಾಟಿನ ಹಾಗೆ.

2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, ಇದಕ್ಕೆ ಚೆನ್ನಾದ ಉದಾಹರಣೆ. ನಿಫ್ಟಿಯ ಹಿಂದಿನ ಸ್ವಿಂಗ್ ಲೋ ಮೇ 13ರ 21,821. ಜೂನ್ 4ರ ಮಧ್ಯಾಹ್ನ ಬೆಲೆ 21,281ಕ್ಕೆ ಇಳಿಯಿತು, ಅಂದರೆ ಆ ಲೋಗಿಂತ ಸುಮಾರು 540 ಅಂಶ ಕೆಳಗೆ. ಆದರೆ ಮುಚ್ಚಿದ್ದು 21,884ಕ್ಕೆ, 21,821ರ ಮೇಲೆ. ಕ್ಲೋಸಿನ ನಿಯಮದಂತೆ ಏರುಮುಖದ ಸ್ಟ್ರಕ್ಚರ್ ಮುರಿಯಲಿಲ್ಲ. ಮೂರು ದಿನ ಕಳೆದು ಜೂನ್ 7ಕ್ಕೆ ನಿಫ್ಟಿ 23,290ಕ್ಕೆ ಮುಚ್ಚಿತು. ಹಾಗೆಂದು ಸ್ಟಾಪ್‌ಲಾಸ್ ತೆಗೆದಿಟ್ಟು ಕ್ಲೋಸ್ ತನಕ ಕಾಯಿರಿ ಎಂದು ಅರ್ಥವಲ್ಲ. ಸ್ಟ್ರಕ್ಚರ್ ತೀರ್ಮಾನವಾಗುವುದು ಕ್ಲೋಸಿನಿಂದ, ಆದರೆ ನಿಮ್ಮ ಹಣದ ಸ್ಟಾಪ್‌ಲಾಸ್ ದಿನದ ನಡುವೆಯೂ ಕೆಲಸ ಮಾಡಬೇಕು. ಇವೆರಡನ್ನು ಕಲಸಿದವರೇ ಅಂತಹ ದಿನ ಬಹಳ ಕಳೆದುಕೊಳ್ಳುತ್ತಾರೆ.

ಎರಡು ಬಗೆಯ ಬ್ರೇಕ್‌ಗಳನ್ನು ಬೇರೆ ಬೇರೆ ಇಟ್ಟು ನೋಡಿ. ಏರುಮುಖದಲ್ಲಿ ಹಿಂದಿನ ಸ್ವಿಂಗ್ ಹೈ ದಾಟಿದರೆ ಅದು ಬ್ರೇಕ್ ಆಫ್ ಸ್ಟ್ರಕ್ಚರ್: ನಡೆದ ದಾರಿಯಲ್ಲೇ ಇನ್ನೊಂದು ಹೆಜ್ಜೆ. ಇಳಿಮುಖದಲ್ಲಿದ್ದ ಚಾರ್ಟ್ ಮೊದಲ ಸಲ ತನ್ನ ಕೊನೆಯ ಲೋವರ್ ಹೈ ದಾಟಿದರೆ ಅದು ಚೇಂಜ್ ಆಫ್ ಕ್ಯಾರೆಕ್ಟರ್: ಬದಲಾಗಬಹುದು ಎಂಬ ಮೊದಲ ಸುಳಿವು ಮಾತ್ರ. 2025ರಲ್ಲಿ ನಿಫ್ಟಿಯ ಕೊನೆಯ ಲೋವರ್ ಹೈ ಮಾರ್ಚ್ 25ರ 23,869. ಏಪ್ರಿಲ್ 17ಕ್ಕೆ ಅದು 23,851ಕ್ಕೆ ಮುಚ್ಚಿತು: ಹತ್ತಿರ, ಆದರೆ ಇಲ್ಲ. ಏಪ್ರಿಲ್ 21ಕ್ಕೆ 24,125ಕ್ಕೆ ಮುಚ್ಚಿದಾಗ ಬದಲಾವಣೆಯ ಸುಳಿವು ಸಿಕ್ಕಿತು. ನಾಲ್ಕು ದಿನದಲ್ಲೇ ಬೆಲೆ ಮತ್ತೆ 23,850ರ ಆಸುಪಾಸಿಗೆ, ಅಂದರೆ ಮುರಿದ ಗೆರೆಯ ಬಳಿಗೆ, ಬಂದು ಹೋಯಿತು. ಹೊಸಬರು ಈ ಮೊದಲ ಬದಲಾವಣೆಯನ್ನು ಬಿಟ್ಟು, ಆಗಲೇ ಏರುಮುಖದಲ್ಲಿರುವ ಷೇರುಗಳಲ್ಲಿ ಮಾತ್ರ ಕೆಲಸ ಮಾಡುವುದು ಒಳ್ಳೆಯದು.

ಗೆರೆಯಿಂದ ಎಷ್ಟು ಮೇಲೆ ಮುಚ್ಚಬೇಕು? ATRನ ಕಾಲು ಭಾಗ. ಹತ್ತು ಪೈಸೆ ಮೇಲೆ ಮುಚ್ಚಿದ್ದನ್ನು ಬ್ರೇಕ್ ಎನ್ನಬೇಡಿ, ಅದಕ್ಕೆ ಒಂದು ಕಾರಣವೂ ಇದೆ. ಎನ್‌ಎಸ್‌ಇ ಪ್ರಕಟಿಸುತ್ತ ಬಂದಿರುವ ಮುಕ್ತಾಯದ ಬೆಲೆ ಕೊನೆಯ ಅರ್ಧ ಗಂಟೆಯ ವ್ಯವಹಾರದ ತೂಕದ ಸರಾಸರಿ, 3:30ಕ್ಕೆ ಪರದೆಯಲ್ಲಿ ಕಂಡ ಕೊನೆಯ ಬೆಲೆ ಅಲ್ಲ. ಎರಡರ ನಡುವೆ ರೂಪಾಯಿ ಎರಡು ರೂಪಾಯಿ ವ್ಯತ್ಯಾಸ ಸಾಮಾನ್ಯ. ಚಾರ್ಟನ್ನು ಸಂಜೆ ನೋಡಿ.

ಗಂಟೆಯ ಚಾರ್ಟ್ ಬಳಸುವವರಿಗೂ ಒಂದು ಮಾತು. ಮಾರ್ಕೆಟ್ 9:15ರಿಂದ 3:30ರವರೆಗೆ 375 ನಿಮಿಷ ನಡೆಯುವುದರಿಂದ ದಿನದ ಕೊನೆಯ ಗಂಟೆಯ ಕ್ಯಾಂಡಲ್ ಬರೀ 15 ನಿಮಿಷದ್ದು. ಅದರ ಕ್ಲೋಸ್ ನಂಬಿ ಬ್ರೇಕ್ ಎಂದರೆ ಮೋಸ. 75 ನಿಮಿಷದ ಚಾರ್ಟ್ ಇಟ್ಟರೆ ದಿನಕ್ಕೆ ಸರಿಯಾಗಿ ಐದು ಕ್ಯಾಂಡಲ್ ಬರುತ್ತವೆ.

## ಹಂತ 4: ಪುಲ್‌ಬ್ಯಾಕ್ ವಲಯ ಎಳೆಯುವುದು

ಇಲ್ಲಿಂದ ಒಂದು ಉದಾಹರಣೆಯನ್ನು ಕೊನೆಯವರೆಗೂ ಎಳೆದುಕೊಂಡು ಹೋಗೋಣ. ಷೇರು, ಅಂಕಿ ಎರಡೂ ಲೆಕ್ಕಕ್ಕಾಗಿ ಮಾಡಿಕೊಂಡವು. ATR 8 ರೂಪಾಯಿ. ಸ್ವಿಂಗ್‌ಗಳು: ಲೋ 412, ಹೈ 448, ಲೋ 427. ಬೆಲೆ ಒಂದು ದಿನ 453ಕ್ಕೆ ಮುಚ್ಚಿತು. 448ರ ಗೆರೆಗೆ ಕಾಲು ATR, ಅಂದರೆ 2 ರೂಪಾಯಿ ಸೇರಿಸಿದರೆ 450, ಅದನ್ನೂ ದಾಟಿದೆ. ಬ್ರೇಕ್ ಆಯಿತು. ಮುಂದೆ 471ರವರೆಗೆ ಓಡಿ ನಿಂತಿತು.

ಈಗ ಎರಡು ಅಂಕಿ ಬರೆಯಿರಿ. ಮೊದಲನೆಯದು ಮುರಿದ ಗೆರೆ, 448. ಎರಡನೆಯದು ಈ ಏರಿಕೆಯ ಅರ್ಧ: 427ರಿಂದ 471ಕ್ಕೆ 44 ರೂಪಾಯಿ, ಅರ್ಧ ಬಿಟ್ಟರೆ 449. ಎರಡರಲ್ಲಿ ಮೇಲಿರುವುದು ವಲಯದ ಮೇಲಂಚು: 449. ಕೆಳ ಅಂಚು ಏರಿಕೆಯ ಮೂರರಲ್ಲಿ ಎರಡು ಭಾಗ ಹಿಂದಕ್ಕೆ: ಸುಮಾರು 442. ಹೀಗೆ 449ರಿಂದ 442 ನಿಮ್ಮ ವಲಯ. 471 ಸ್ವಿಂಗ್ ಹೈ ಎಂದು ಖಚಿತವಾಗುವ ಹೊತ್ತಿಗೆ ಬೆಲೆ ಆಗಲೇ 455ರ ಬಳಿ ಇಳಿದಿರುತ್ತದೆ. ಆದ್ದರಿಂದ ವಲಯವನ್ನು ಮೊದಲು ಪೆನ್ಸಿಲ್ಲಿನಲ್ಲಿ ಬರೆದು, ಹೈ ಇನ್ನೂ ಮೇಲೆ ಹೋದರೆ ಅಳಿಸಿ ತಿದ್ದಿ.

ಮುರಿದ ಗೆರೆಗೆ ಬೆಲೆ ಏಕೆ ಮರಳುತ್ತದೆ? 448ರ ಹಿಂದಿನ ಹೈನಲ್ಲಿ ಕೊಂಡು ಸಿಕ್ಕಿಬಿದ್ದಿದ್ದವರು ಅಸಲು ಬಂತೆಂದು ಮಾರುತ್ತಾರೆ, 427ರಲ್ಲಿ ಕೊಂಡವರು ಲಾಭ ತೆಗೆಯುತ್ತಾರೆ, ಬ್ರೇಕಿನ ದಿನ ತಪ್ಪಿಸಿಕೊಂಡವರು ಅದೇ ಬೆಲೆಗೆ ಕಾಯುತ್ತಿರುತ್ತಾರೆ. ಹಾಗೆ ಕಾಯುವವರು ನಿಜಕ್ಕೂ ಇದ್ದಾರೋ ಇಲ್ಲವೋ ಎಂದು ವಲಯದಲ್ಲಿ ಬೆಲೆ ನಡೆದುಕೊಳ್ಳುವ ರೀತಿಯೇ ಹೇಳುತ್ತದೆ. ಆರೋಗ್ಯವಂತ ಪುಲ್‌ಬ್ಯಾಕಿನಲ್ಲಿ ಕೆಂಪು ಕ್ಯಾಂಡಲ್‌ಗಳು ಚಿಕ್ಕದಾಗುತ್ತ, ವಾಲ್ಯೂಮ್ ಬ್ರೇಕಿನ ದಿನಕ್ಕಿಂತ ಕಡಿಮೆಯಾಗುತ್ತ ಬರುತ್ತವೆ. ಒಂದೇ ದಿನದಲ್ಲಿ ATRನ ಎರಡು ಪಟ್ಟು ಬಿದ್ದು, ದೊಡ್ಡ ವಾಲ್ಯೂಮಿನೊಂದಿಗೆ ವಲಯದ ಒಳಗೆ ಧುಮುಕಿದರೆ ಅದು ಪುಲ್‌ಬ್ಯಾಕಿನ ಹಾಗೆ ಕಂಡರೂ ಮುಟ್ಟಬೇಡಿ.

ಕೆಲವು ಷೇರು ವಲಯ ಮುಟ್ಟದೆ 456ರಿಂದಲೇ ಮೇಲೆ ಹೋಗುತ್ತವೆ. ಬಿಡಿ. ಅದರ ಹಿಂದೆ ಓಡಿ 470ಕ್ಕೆ ಕೊಳ್ಳುವುದು ಈ ಕ್ರಮದ ಭಾಗವಲ್ಲ, ಮತ್ತು ಹಾಗೆ ಓಡುವ ಆಸೆ ಹುಟ್ಟುವುದೇ ಈ ಹಂತದಲ್ಲಿ.

## ಹಂತ 5: ಪ್ರವೇಶ, ಸ್ಟಾಪ್‌ಲಾಸ್, ಎಷ್ಟು ಷೇರು

ವಲಯಕ್ಕೆ ಬಂದ ಕೂಡಲೇ ಕೊಳ್ಳುವುದಲ್ಲ. ಬೀಳುತ್ತಿರುವ ಬೆಲೆಗೆ 449ರ ಗೆರೆ ಗೊತ್ತಿರುವುದಿಲ್ಲ. ಕಾಯಬೇಕಾದದ್ದು ಹಿಂದಿನ ದಿನದ ಹೈಗಿಂತ ಮೇಲೆ ಮುಚ್ಚುವ ಮೊದಲ ಕ್ಯಾಂಡಲಿಗೆ. ನಮ್ಮ ಉದಾಹರಣೆಯಲ್ಲಿ ಬೆಲೆ 444ರವರೆಗೆ ಇಳಿಯಿತು, ಆ ದಿನದ ಹೈ 451. ಮರುದಿನ 445ರಿಂದ ಎದ್ದು 452ಕ್ಕೆ ಮುಚ್ಚಿತು, ಅದರ ಹೈ 453.50. ಇದು ಸಂಕೇತದ ಕ್ಯಾಂಡಲ್.

ಅಂದು ಸಂಜೆ GTT ಕೊಳ್ಳುವ ಆರ್ಡರ್ ಇಡಿ: ಟ್ರಿಗರ್ 454, ಲಿಮಿಟ್ 457. ಅಂದರೆ ಬೆಲೆ 454 ಮುಟ್ಟಿದಾಗ ಆರ್ಡರ್ ಚಾಲೂ ಆಗುತ್ತದೆ, ಕೊಡುವ ಬೆಲೆ 457 ಮೀರುವುದಿಲ್ಲ. ಲಿಮಿಟ್ ಇಷ್ಟಕ್ಕೇ ಕಟ್ಟಿರುವುದರಿಂದ ಬೆಳಿಗ್ಗೆ ಷೇರು 465ಕ್ಕೆ ತೆರೆದರೂ ಅಷ್ಟು ಮೇಲಿನ ಬೆಲೆ ನಿಮ್ಮ ತಲೆಗೆ ಬರುವುದಿಲ್ಲ. ಎರಡು ದಿನದಲ್ಲಿ ಟ್ರಿಗರ್ ಆಗದಿದ್ದರೆ ಆರ್ಡರ್ ತೆಗೆದು ಚಾರ್ಟನ್ನು ಹೊಸದಾಗಿ ನೋಡಿ. ಮರೆತು ಬಿಟ್ಟ GTT ತಿಂಗಳುಗಟ್ಟಲೆ ಬದುಕಿರುತ್ತದೆ, ಸ್ಟ್ರಕ್ಚರ್ ಸತ್ತ ಮೇಲೆ ಕೊಂಡುಕೊಡುತ್ತದೆ.

ಸ್ಟಾಪ್‌ಲಾಸ್ ಪುಲ್‌ಬ್ಯಾಕಿನ ಲೋ 444ರಿಂದ ಕಾಲು ATR ಕೆಳಗೆ: 442. "ಸ್ಟ್ರಕ್ಚರ್ ಮುರಿಯುವುದು 427ಕ್ಕೆ ಅಲ್ಲವೇ, 442 ಯಾಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿ. ನೀವು ಕೊಂಡದ್ದು "ಪುಲ್‌ಬ್ಯಾಕ್ 444ಕ್ಕೆ ಮುಗಿಯಿತು" ಎಂಬ ಒಂದೇ ಲೆಕ್ಕದ ಮೇಲೆ. 442 ಆದರೆ ಆ ಲೆಕ್ಕ ತಪ್ಪು, ಏರುಮುಖ ಇನ್ನೂ ಬದುಕಿರಬಹುದು. ಚಿಕ್ಕ ನಷ್ಟಕ್ಕೆ ಹೊರಬಂದು, ಮುಂದಿನ ಸಂಕೇತಕ್ಕೆ ಮತ್ತೆ ಬರುವುದು 427ರವರೆಗೆ ನೋಡುತ್ತ ಕೂರುವುದಕ್ಕಿಂತ ಅಗ್ಗ.

ಸಂಖ್ಯೆಯನ್ನು ನಿರ್ಧರಿಸುವುದು ಸ್ಟಾಪ್‌ಲಾಸಿನ ದೂರ, ಕೈಯಲ್ಲಿರುವ ಹಣ ಅಲ್ಲ. ಬಂಡವಾಳ 2,00,000, ಒಂದು ವ್ಯವಹಾರದಲ್ಲಿ ಕಳೆಯಲು ಒಪ್ಪಿದ್ದು 1%, ಅಂದರೆ 2,000 ರೂಪಾಯಿ.

```
ಷೇರು ಸಂಖ್ಯೆ = ಒಪ್ಪಿದ ನಷ್ಟ ÷ (ಕೊಂಡ ಬೆಲೆ − ಸ್ಟಾಪ್‌ಲಾಸ್)
           = 2000 ÷ (454 − 442)
           = 166
```

166 ಷೇರಿಗೆ ಬೇಕಾಗುವುದು 75,364 ರೂಪಾಯಿ. ಇನ್ನು ಬ್ರೇಕಿನ ಹುರುಪಿನಲ್ಲಿ 468ಕ್ಕೆ ಕೊಂಡವರನ್ನು ನೋಡಿ. ಅವರಿಗೆ ಆಗ 444ರ ಲೋ ಇನ್ನೂ ಹುಟ್ಟಿಲ್ಲ, ಇರುವ ಒಂದೇ ಆಸರೆ 427. ಸ್ಟಾಪ್‌ಲಾಸ್ 425ಕ್ಕೆ ಇಟ್ಟರೆ ದೂರ 43 ರೂಪಾಯಿ, ಅದೇ 2,000ಕ್ಕೆ ಬರುವುದು 46 ಷೇರು. ಹೆಚ್ಚಿನವರು 46 ಕೊಳ್ಳುವುದಿಲ್ಲ. ಸಿಕ್ಕಷ್ಟು ಕೊಂಡು, ಸ್ಟಾಪ್‌ಲಾಸನ್ನು 455ರಂತಹ ಯಾವ ಆಧಾರವೂ ಇಲ್ಲದ ಜಾಗಕ್ಕೆ ತಂದಿಡುತ್ತಾರೆ. ಬೆಲೆ 444ಕ್ಕೆ ಇಳಿದಾಗ ಅದು ಹೋಗುತ್ತದೆ, ಆಮೇಲೆ ಷೇರು ಮೇಲೆ ಹೋಗುತ್ತದೆ. ಮೊದಲಿಗೆ ಹೇಳಿದ ದೂರಿನ ಇಡೀ ಲೆಕ್ಕ ಇಷ್ಟೇ.

ಲಾಭದ ಕಡೆಯನ್ನೂ ಪ್ರಾಮಾಣಿಕವಾಗಿ ಬರೆದುಕೊಳ್ಳಿ. ಮೊದಲ ತಡೆ ಹಳೆಯ ಹೈ 471, ಅಲ್ಲಿಗೆ 17 ರೂಪಾಯಿ, ಅಪಾಯದ 1.4 ಪಟ್ಟು. ಹಿಂದಿನ ಏರಿಕೆಯಷ್ಟೇ, 44 ರೂಪಾಯಿ, 444ಕ್ಕೆ ಸೇರಿಸಿದರೆ 488, ಅಲ್ಲಿಗೆ 34 ರೂಪಾಯಿ. ಹಳೆಯ ಹೈ ತನಕದ ಜಾಗವೇ ಅಪಾಯದಷ್ಟಿಲ್ಲದಿದ್ದರೆ ಆ ವ್ಯವಹಾರ ಬಿಡಿ. ಡೆಲಿವರಿಯಲ್ಲಿ ಕೊಳ್ಳುವಾಗಲೂ ಮಾರುವಾಗಲೂ 0.1% ಎಸ್‌ಟಿಟಿ ತೆರಿಗೆ ಇರುವುದರಿಂದ ಈ ಬೆಲೆಯ ಷೇರಿಗೆ ಎಲ್ಲ ಸೇರಿ ಒಂದು ರೂಪಾಯಿ ಮೇಲೆ ಖರ್ಚು ಹಿಡಿಯಿರಿ. 12ರ ಅಪಾಯ ನಿಜಕ್ಕೆ 13.

## ಹಂತ 6: ಕೊಂಡ ಮೇಲೆ

ಕೊಳ್ಳುವ ಆರ್ಡರ್ ಆದ ಸಂಜೆಯೇ ಮಾರುವ GTT ಇಡಿ: ಟ್ರಿಗರ್ 442, ಲಿಮಿಟ್ 438. ಟ್ರಿಗರ್ ಮತ್ತು ಲಿಮಿಟ್ ಎರಡೂ 442 ಇಟ್ಟರೆ ಬೆಲೆ ವೇಗವಾಗಿ ಬಿದ್ದಾಗ ನಿಮ್ಮ ಷೇರು ಮಾರಾಟವಾಗದೆ ಉಳಿಯುತ್ತದೆ. ಷೇರು ಕೆಟ್ಟ ಸುದ್ದಿಗೆ ನೇರ 430ಕ್ಕೆ ತೆರೆದರೆ 438ರ ಲಿಮಿಟ್ ಕೂಡ ಕೆಲಸಕ್ಕೆ ಬರುವುದಿಲ್ಲ. ಆಗ ಆರ್ಡರ್ ಸುಮ್ಮನೆ ನಿಂತು ಸಂಜೆಗೆ ರದ್ದಾಗುತ್ತದೆ, ನೀವೇ ಕೈಯಿಂದ ಮಾರಬೇಕು. ಸ್ಟಾಪ್‌ಲಾಸ್ ಹೋದ ಸಂದೇಶ ಬಂದ ದಿನ ಹೋಲ್ಡಿಂಗ್ಸ್ ತೆರೆದು ಷೇರು ನಿಜವಾಗಿ ಹೋಗಿದೆಯೇ ನೋಡಿ. ತ್ರೈಮಾಸಿಕ ಫಲಿತಾಂಶ ಎರಡು ದಿನದಲ್ಲಿ ಇದ್ದರೆ ಹೊಸದಾಗಿ ಕೊಳ್ಳದಿರುವುದು ಇದೇ ಕಾರಣಕ್ಕೆ. ದಿನಕ್ಕೆ 5%ಕ್ಕಿಂತ ಹೆಚ್ಚು ಏರಿಳಿಯಲು ಬಿಡದ ಸರ್ಕ್ಯೂಟ್ ಮಿತಿ ಇರುವ ಷೇರನ್ನು ಈ ಕ್ರಮಕ್ಕೆ ತೆಗೆದುಕೊಳ್ಳಲೇಬೇಡಿ, ಲೋವರ್ ಸರ್ಕ್ಯೂಟಿನಲ್ಲಿ ಕೊಳ್ಳುವವರೇ ಇಲ್ಲದಾಗ ಸ್ಟಾಪ್‌ಲಾಸಿಗೆ ಅರ್ಥವಿರುವುದಿಲ್ಲ.

ಸ್ಟಾಪ್‌ಲಾಸನ್ನು ಮೇಲೆ ತರುವುದಕ್ಕೆ ಒಂದೇ ಕಾರಣ: ಹೊಸ ಬ್ರೇಕ್. ಬೆಲೆ 473ರ ಮೇಲೆ ಮುಚ್ಚಿದಾಗ 444 ನಿಜವಾದ ಹೈಯರ್ ಲೋ ಆಯಿತು. ಮುಂದೆ 492 ಹೈ ಆಗಿ, 470ಕ್ಕೆ ಇಳಿದು, ಮತ್ತೆ 494ರ ಮೇಲೆ ಮುಚ್ಚಿದರೆ ಆಗ ಸ್ಟಾಪ್‌ಲಾಸ್ 468ಕ್ಕೆ. ಬ್ರೇಕ್ ಆಗುವ ಮೊದಲೇ, 470ರಿಂದ ಎದ್ದಿತೆಂದು ಏರಿಸಿದರೆ ಪ್ರತಿ ಚಿಕ್ಕ ಅಲುಗಾಟವೂ ನಿಮ್ಮನ್ನು ಹೊರಹಾಕುತ್ತದೆ. ಇಷ್ಟು ಕಾಯಲು ಧೈರ್ಯ ಸಾಲದವರು ಅಪಾಯದ ಎರಡು ಪಟ್ಟು ಸಿಕ್ಕಾಗ, ಇಲ್ಲಿ 478ಕ್ಕೆ, ಅರ್ಧ ಮಾರಿ ಉಳಿದರ್ಧವನ್ನು ಸ್ಟ್ರಕ್ಚರ್ ಪ್ರಕಾರ ಬಿಡಬಹುದು. ಸರಾಸರಿ ಲಾಭ ಕಡಿಮೆಯಾಗುತ್ತದೆ, ಆದರೆ ನಡುವೆ ನಿಯಮ ಮುರಿಯುವುದು ತಪ್ಪುತ್ತದೆ.

ಎಚ್ಚರಿಕೆಯ ಗುರುತುಗಳಲ್ಲಿ ಮುಖ್ಯವಾದದ್ದು ಸೋತ ಹೈ. ಬೆಲೆ 471ರ ಮೇಲೆ ದಿನದ ನಡುವೆ ಹೋಗಿ, ಕೆಳಗೆ ಮುಚ್ಚಿ, ಮರುದಿನ ಆ ಕ್ಯಾಂಡಲಿನ ಲೋ ಕೂಡ ಮುರಿದರೆ ಮೇಲೆ ಕೊಳ್ಳುವವರು ಮುಗಿದಿದ್ದಾರೆ. ಸ್ಟಾಪ್‌ಲಾಸಿಗೆ ಕಾಯದೆ ಅರ್ಧವಾದರೂ ಇಳಿಸಿ. ಇನ್ನೊಂದು, ಪುಲ್‌ಬ್ಯಾಕ್‌ಗಳು ಪ್ರತಿ ಸಲ ಹಿಂದಿನದಕ್ಕಿಂತ ಆಳವಾಗುತ್ತ, ಹೈಗಳ ನಡುವಿನ ಅಂತರ ಚಿಕ್ಕದಾಗುತ್ತ ಹೋಗುವುದು. ಸರಣಿ ಕಾಗದದ ಮೇಲೆ ಇನ್ನೂ ಹೈಯರ್ ಹೈ, ಹೈಯರ್ ಲೋ ಆಗಿಯೇ ಇರುತ್ತದೆ, ಆದರೆ ಹೊಸ ಎಂಟ್ರಿಗೆ ಜಾಗ ಉಳಿದಿರುವುದಿಲ್ಲ.

## ಸ್ಟಾಪ್‌ಲಾಸ್ ಹೋದ ಮೇಲೆ ಅದೇ ಷೇರಿಗೆ ಮರಳುವುದು

442 ಹೋಯಿತು ಎನ್ನೋಣ. ಬೆಲೆ 436ಕ್ಕೆ ಇಳಿದು, 427ರ ಮೇಲೆಯೇ ಮುಚ್ಚುತ್ತಿದೆ. ಸ್ಟ್ರಕ್ಚರ್ ಬದುಕಿದೆ, ಹಾಗಾಗಿ ಇನ್ನೊಂದು ಅವಕಾಶಕ್ಕೆ ಅರ್ಹ. ಮತ್ತೆ ಹಿಂದಿನ ದಿನದ ಹೈ ಮೇಲೆ ಮುಚ್ಚುವ ಕ್ಯಾಂಡಲ್ ಬೇಕು, ಸ್ಟಾಪ್‌ಲಾಸ್ ಹೊಸ ಲೋ 436ರ ಕೆಳಗೆ, ಸಂಖ್ಯೆಯ ಲೆಕ್ಕ ಹೊಸದಾಗಿ. ಆದರೆ ಈ ಸಲ ಒಪ್ಪುವ ನಷ್ಟ 2,000 ಅಲ್ಲ, 1,000. ಬೆಲೆ ಏರಿಕೆಯ ಮೂರರಲ್ಲಿ ಎರಡು ಭಾಗಕ್ಕಿಂತ ಕೆಳಗೆ ಹೋಗಿಬಂದಿದೆ, ಮೊದಲಿನಷ್ಟು ಗಟ್ಟಿ ಇಲ್ಲ. ಎರಡನೆಯದೂ ಹೋದರೆ ಆ ಏರಿಕೆಯಲ್ಲಿ ಮೂರನೆಯ ಪ್ರಯತ್ನವಿಲ್ಲ.

427ರ ಕೆಳಗೆ ಒಂದು ದಿನ ಮುಚ್ಚಿದರೆ ಲೆಕ್ಕ ಬೇರೆ. ಆಗ ನೋಟ್‌ಬುಕ್ಕಿನಲ್ಲಿ ಆ ಷೇರಿನ ಮುಂದೆ ಏರುಮುಖ ಎಂದು ಬರೆದದ್ದನ್ನು ಹೊಡೆದುಹಾಕಿ, ಬಾಕಿ ಇರುವ GTT ರದ್ದು ಮಾಡಿ. ಮತ್ತೆ ಒಂದು ಹೈಯರ್ ಲೋ ಮತ್ತು ಅದರ ಮೇಲಿನ ಒಂದು ಬ್ರೇಕ್ ಆಗುವವರೆಗೆ, ಅದು ವಾರಗಳೇ ಹಿಡಿಯಲಿ, ಆ ಚಾರ್ಟನ್ನು ಪಟ್ಟಿಯಿಂದ ಹೊರಗಿಡಿ.